ಈ ಆರೋಪಿ ಇಂದು ವಿಚಾರಣೆ ಎದುರಿಸಬಲ್ಲನೇ?

ಆರೋಪಿಯ ಮಾನಸಿಕ ಸ್ಥಿತಿಯ ಬಗ್ಗೆ ಅನುಮಾನ ಬಂದರೆ ನ್ಯಾಯಾಲಯ ಆತನನ್ನು ಮನೋವೈದ್ಯರ ಬಳಿಗೆ ಕಳಿಸುತ್ತದೆ. ಜೊತೆಗೆ ಬರುವ ಪತ್ರದಲ್ಲಿ ‘ಪರೀಕ್ಷಿಸಿ ವರದಿ ಸಲ್ಲಿಸಿ’ ಎಂದಷ್ಟೇ ಇದ್ದರೆ ಗೊಂದಲ ಅಲ್ಲಿಂದಲೇ ಶುರು. ಏಕೆಂದರೆ ಕೇಳಬಹುದಾದ ಪ್ರಶ್ನೆಗಳು ಎರಡು. ಕೃತ್ಯ ನಡೆದ ಗಳಿಗೆಯಲ್ಲಿ ಆತನಿಗೆ ತಾನೇನು ಮಾಡುತ್ತಿದ್ದೇನೆಂಬ ಅರಿವಿತ್ತೇ ಎಂಬುದು ಒಂದು. ಅದು ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಮಿನ ವಿಷಯ. ಈಗ ತನ್ನ ಪರವಾಗಿ ಪ್ರತಿವಾದ ಮಾಡಿಕೊಳ್ಳಬಲ್ಲನೇ ಎಂಬುದು ಇನ್ನೊಂದು. ಅದಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 367 ಮತ್ತು 368ನೇ ಕಲಮುಗಳಿವೆ. ಸಮರ್ಥತೆಯ ವರದಿ ಎರಡನೆಯದಕ್ಕೆ ಮಾತ್ರ ಉತ್ತರ. ಹಾಗಾಗಿ ಒಳ್ಳೆಯ ವರದಿ ತನಗೆ ಬಂದ ಪ್ರಶ್ನೆ ಯಾವುದೆಂದು ಮೊದಲ ಸಾಲುಗಳಲ್ಲೇ ಬರೆದುಕೊಳ್ಳುತ್ತದೆ. ಪತ್ರ ಅಸ್ಪಷ್ಟವಾಗಿದ್ದರೆ ನ್ಯಾಯಾಲಯವನ್ನೇ ಕೇಳಿ ತಿಳಿದುಕೊಳ್ಳುವುದು ಲೇಸು.

ಒಂದು ಪ್ರಕರಣವನ್ನು ಕಲ್ಪಿಸಿಕೊಳ್ಳೋಣ. ಮೂವತ್ತರ ಹರೆಯದವನೊಬ್ಬ ಪಕ್ಕದ ಮನೆಯವನಿಗೆ ಕುಡುಗೋಲಿನಿಂದ ಹೊಡೆದ ಆರೋಪದಲ್ಲಿ ಜೈಲಿನಲ್ಲಿದ್ದಾನೆ. ಆತನಿಗೆ ಸ್ಕಿಜೋಫ್ರೇನಿಯಾ ಇದೆ, ಯಾರೋ ಮಾತಾಡಿದಂತೆ ಕಿವಿಗೆ ಕೇಳಿಸುತ್ತಿರುತ್ತದೆ. ‘ಸ್ಕಿಜೋಫ್ರೇನಿಯಾ ರೋಗಿ, ಆದ್ದರಿಂದ ವಿಚಾರಣೆಗೆ ಅಸಮರ್ಥ’ ಎಂದು ಒಂದೇ ಸಾಲಿನಲ್ಲಿ ವರದಿ ಮುಗಿಸಿದರೆ ನ್ಯಾಯಾಧೀಶರಿಗೆ ಏನೂ ಸಿಕ್ಕಂತಾಗುವುದಿಲ್ಲ. ಕಾಯಿಲೆಯ ಹೆಸರಿಗೂ ಅಸಮರ್ಥತೆಗೂ ನಡುವೆ ಒಂದು ಸೇತುವೆ ಬೇಕು. ವರದಿಯ ಜೀವಾಳವೇ ಅದು.

ವೈದ್ಯರು ಮೊದಲು ಆತನಿಗೆ, ಇದು ಮಾಮೂಲಿ ಚಿಕಿತ್ಸೆಯ ಭೇಟಿಯಲ್ಲ, ನೀನು ಹೇಳಿದ್ದು ನ್ಯಾಯಾಲಯದವರೆಗೆ ಹೋಗಬಹುದು ಎಂದು ಅರ್ಥವಾಗುವ ಹಾಗೆ ಹೇಳಬೇಕು, ಹೇಳಿದ್ದನ್ನು ದಾಖಲಿಸಬೇಕು. ಯಾವ ದಿನ ಎಷ್ಟು ಹೊತ್ತು ಪರೀಕ್ಷಿಸಿದರು, ಯಾವ ಭಾಷೆಯಲ್ಲಿ ಮಾತಾಡಿದರು, ದೋಷಾರೋಪ ಪಟ್ಟಿ, ಜೈಲಿನ ವೈದ್ಯಕೀಯ ದಾಖಲೆ, ಮನೆಯವರ ಹೇಳಿಕೆ ಇವುಗಳಲ್ಲಿ ಯಾವುದು ಸಿಕ್ಕಿತು, ಯಾವುದು ಸಿಗಲಿಲ್ಲ ಎಂಬುದೂ ಬರುತ್ತದೆ. ಆಮೇಲೆ ಅಸಲಿ ಪರೀಕ್ಷೆ. ನಿನ್ನ ಮೇಲಿರುವ ಆರೋಪವೇನು? ಜಡ್ಜ್ ಏನು ಮಾಡುತ್ತಾರೆ? ತಪ್ಪು ಒಪ್ಪಿಕೊಂಡರೆ ಏನಾಗುತ್ತದೆ? ಸಾಕ್ಷಿ ಸುಳ್ಳು ಹೇಳಿದರೆ ಯಾರಿಗೆ ಹೇಳುತ್ತೀಯ?

ನಮ್ಮ ಆರೋಪಿ ಮೊದಲ ಮೂರಕ್ಕೆ ಸರಿಯಾಗಿಯೇ ಉತ್ತರಿಸುತ್ತಾನೆ. ನಾಲ್ಕನೆಯದಕ್ಕೆ, ‘ವಕೀಲರನ್ನು ಕಳಿಸಿದ್ದೇ ಪಕ್ಕದ ಮನೆಯವರು, ಅವರ ಹತ್ತಿರ ಬಾಯಿ ಬಿಡಬೇಡ ಅಂತ ಕಿವಿಯಲ್ಲಿ ಹೇಳುತ್ತಿದ್ದಾರೆ’ ಎನ್ನುತ್ತಾನೆ. ಸೇತುವೆ ಸಿಕ್ಕಿದ್ದು ಇಲ್ಲಿ. ನ್ಯಾಯಾಲಯದ ವ್ಯವಹಾರ ಆತನಿಗೆ ಗೊತ್ತು, ಆದರೆ ಕಾಯಿಲೆಯ ಭ್ರಮೆಯಿಂದಾಗಿ ವಕೀಲರಿಗೆ ತನ್ನ ಸಂಗತಿ ಹೇಳಲಾರ. ವರದಿ ಹೀಗೆ, ಆತನ ಮಾತುಗಳ ಸಮೇತ ಬರೆದಿದ್ದರೆ ಪಾಟೀಸವಾಲಿನಲ್ಲೂ ನಿಲ್ಲುತ್ತದೆ. ನಟನೆಯ ಅನುಮಾನವನ್ನೂ ಇದೇ ರೀತಿ ಎದುರಿಸಬೇಕು: ವೈದ್ಯರೆದುರು ಒಂದು ಥರ, ವಾರ್ಡಿನಲ್ಲಿ ಊಟ, ನಿದ್ದೆ, ಮಾತುಕತೆಯಲ್ಲಿ ಇನ್ನೊಂದು ಥರ ಇದ್ದಾನೆಯೇ ಎಂದು ದಿನಗಟ್ಟಲೆ ನೋಡಿ ಬರೆಯಬೇಕು. ಒಂದೇ ಭೇಟಿಯಲ್ಲಿ ಅದನ್ನು ತೀರ್ಮಾನಿಸಲು ಹೋಗಬಾರದು.

ವರದಿ ಎಲ್ಲಿ ನಿಲ್ಲಬೇಕು ಎಂಬುದೂ ಅಷ್ಟೇ ಮುಖ್ಯ. ಮಾತಿನ ನಡುವೆ ಆತ ‘ಹೊಡೆದಿದ್ದು ನಾನೇ’ ಎಂದರೆ ಅದನ್ನು ಬರೆಯಬಾರದು ಎಂದೇ ನನ್ನ ಅಭಿಪ್ರಾಯ. ಬರೆದರೆ, ವಕೀಲರಿಲ್ಲದ ಕೋಣೆಯಲ್ಲಿ ಕಾಯಿಲೆಯ ಮನುಷ್ಯನಿಂದ ತಪ್ಪೊಪ್ಪಿಗೆ ಪಡೆದಂತಾಗುತ್ತದೆ. ‘ಹೊಡೆದದ್ದು ಹುಚ್ಚಿನ ಭರದಲ್ಲಿ’ ಎಂಬ ಮಾತಿಗೂ ಇಲ್ಲಿ ಜಾಗವಿಲ್ಲ; ಕೇಳಿದ್ದು ಅದನ್ನಲ್ಲ. ಕೊನೆಯ ತೀರ್ಮಾನವೂ ವೈದ್ಯರದಲ್ಲ. ಚಿತ್ತ ಸ್ವಸ್ಥವಾಗಿಲ್ಲ ಎಂಬ ವರದಿ ಬಂದ ಮೇಲೂ, ಅದರಿಂದ ಪ್ರತಿವಾದ ಅಸಾಧ್ಯವೇ ಎಂದು ನ್ಯಾಯಾಲಯ ಪ್ರತ್ಯೇಕವಾಗಿ ನಿರ್ಧರಿಸಬೇಕೆಂದು ಕಾನೂನು ಹೇಳುತ್ತದೆ. ವರದಿಯನ್ನು ಒಪ್ಪದ ಆರೋಪಿ ವೈದ್ಯಕೀಯ ಮಂಡಳಿಗೆ ಮೇಲ್ಮನವಿ ಸಲ್ಲಿಸಬಹುದು. ಹತ್ತಿರದ ಸರ್ಕಾರಿ ಆಸ್ಪತ್ರೆಯ ಮನೋವೈದ್ಯ ವಿಭಾಗದ ಮುಖ್ಯಸ್ಥರು ಮತ್ತು ಹತ್ತಿರದ ವೈದ್ಯಕೀಯ ಕಾಲೇಜಿನ ಮನೋವೈದ್ಯ ಅಧ್ಯಾಪಕರೊಬ್ಬರು ಅದರಲ್ಲಿರುತ್ತಾರೆ.

ಎಲ್ಲಕ್ಕಿಂತ ದೊಡ್ಡ ಮಿತಿ ಕಾಲದ್ದು. ವರದಿಯ ಮಾತು ಪರೀಕ್ಷಿಸಿದ ದಿನಕ್ಕೆ ಸಲ್ಲುವಂಥದ್ದು. ಇದನ್ನು ಮರೆತರೆ ಏನಾಗುತ್ತದೆಂಬುದಕ್ಕೆ ಅಸ್ಸಾಮಿನ ಮಚಾಂಗ್ ಲಾಲುಂಗ್ ಸಾಕ್ಷಿ. 1951ರಲ್ಲಿ ಬಂಧಿಸಿ ತೇಜ್‌ಪುರದ ಮಾನಸಿಕ ಆಸ್ಪತ್ರೆಗೆ ಕಳಿಸಿದ ಆತನನ್ನು 1967ರಲ್ಲಿ ವೈದ್ಯರು ಗುಣವಾಗಿದ್ದಾನೆ ಎಂದರು. ಬಿಡುಗಡೆಯಾಗಿದ್ದು 2005ರಲ್ಲಿ. ವೈದ್ಯರ ಆ ಮಾತನ್ನು ಹಿಡಿದು ಪ್ರಕರಣವನ್ನು ಮುಂದಕ್ಕೆ ಕೊಂಡೊಯ್ಯುವವರು ಇರಲಿಲ್ಲ. ಅದಕ್ಕೇ ‘ಅಸಮರ್ಥ’ ಎಂದು ಬರೆಯುವವರು ಯಾವ ಚಿಕಿತ್ಸೆ, ಎಲ್ಲಿ, ಸುಧಾರಣೆಯ ಸಾಧ್ಯತೆ ಎಷ್ಟು, ಮರುಪರೀಕ್ಷೆ ಯಾವಾಗ ಎಂಬುದನ್ನೂ ಬರೆಯಲೇಬೇಕು ಎನ್ನುತ್ತೇನೆ.

ನಮ್ಮ ಆರೋಪಿಯ ವಿಷಯದಲ್ಲಿ ಎರಡು ತಿಂಗಳ ಚಿಕಿತ್ಸೆಯ ನಂತರ ಮರುಪರೀಕ್ಷೆ ಎಂದು ಬರೆದಿದೆ ಎಂದುಕೊಳ್ಳಿ. ಆಗ ಬಂದ ಎರಡನೇ ವರದಿಯಲ್ಲಿ, ಧ್ವನಿ ಈಗಲೂ ಆಗೊಮ್ಮೆ ಈಗೊಮ್ಮೆ ಕೇಳಿಸುತ್ತದೆ ಎಂದಿದೆ. ಆದರೆ ವಕೀಲರು ತನ್ನ ಪರ ಎಂಬುದು ಆತನಿಗೆ ಗೊತ್ತಾಗಿದೆ, ಆ ದಿನ ಮನೆಯಲ್ಲಿ ಯಾರ್‍ಯಾರಿದ್ದರೆಂದು ಅವರಿಗೆ ಹೇಳಿದ್ದಾನೆ. ಕಾಯಿಲೆ ಇದೆ, ವಿಚಾರಣೆಗೆ ಸಮರ್ಥನಾಗಿದ್ದಾನೆ ಎಂಬುದೇ ಆ ವರದಿಯ ಅಭಿಪ್ರಾಯ. ಅದನ್ನು ಒಪ್ಪಿದರೆ ನ್ಯಾಯಾಲಯ ವಿಚಾರಣೆಯನ್ನು ಮತ್ತೆ ಕೈಗೆತ್ತಿಕೊಳ್ಳುತ್ತದೆ.