ಎರಡನೇ ಪಾಳಿ ಯಾವಾಗ ಲಾಭ?

ಪೀಣ್ಯದ ಒಂದು ಸಿಎನ್‌ಸಿ ಲೇತ್‌ಗೆ ಕಂತು, ಬಾಡಿಗೆ ಸೇರಿ ತಿಂಗಳಿಗೆ 1,20,000 ರೂಪಾಯಿ ಖರ್ಚು ಎನ್ನೋಣ. ಒಂದೇ ಪಾಳಿಯಲ್ಲಿ 200 ಗಂಟೆ ಓಡಿದರೆ ಗಂಟೆಗೆ 600 ಬೀಳುತ್ತದೆ. ಎರಡು ಪಾಳಿ ಪೂರ್ತಿ ಓಡಿದರೆ 300.

ರಾತ್ರಿಯ ಆಪರೇಟರಿಗೆ ಸಂಬಳ 20,000, ಪಾಳಿ ಭತ್ಯೆ ದಿನಕ್ಕೆ 150ರಂತೆ 25 ದಿನಕ್ಕೆ 3,750. ಭತ್ಯೆಗೆ ಹೆದರಬೇಕಿಲ್ಲ, 200 ಗಂಟೆಗೆ ಹಂಚಿದರೆ ಇಪ್ಪತ್ತು ರೂಪಾಯಿಯೂ ಆಗದು. ಹೆದರಬೇಕಾದ್ದು ಖಾಲಿ ನಿಂತ ಯಂತ್ರಕ್ಕೆ. ಆರ್ಡರ್ ಸಾಲದೆ ರಾತ್ರಿ 50 ಗಂಟೆಯಷ್ಟೇ ಓಡಿದರೆ ಸ್ಥಿರ ವೆಚ್ಚ ಗಂಟೆಗೆ 480ಕ್ಕೆ ಇಳಿದಂತೆ ಕಾಣುತ್ತದೆ. ಆದರೆ ಕಂತು, ಬಾಡಿಗೆ ಹೇಗಿದ್ದರೂ ಕಟ್ಟಲೇಬೇಕು. ರಾತ್ರಿಗೆಂದೇ ಹೊಸದಾಗಿ ಬಂದ ಖರ್ಚು 23,750, ಅಂದರೆ ಗಂಟೆಗೆ 475. ಕರೆಂಟು, ಟೂಲು ಕಳೆದು ಗಂಟೆಗೆ 400 ಉಳಿಯುವ ಕೆಲಸವಾದರೆ ಆ ಪಾಳಿ ನಷ್ಟವೇ.