ಕಾರಿದೆ, ಪ್ಲಗ್ ಪಾಯಿಂಟ್ ಎಲ್ಲಿ?

ಬನಶಂಕರಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ 84 ಮನೆಗಳಿವೆ. ಮೂರನೇ ಮಹಡಿಯ ಮೇಷ್ಟ್ರು ಎಲೆಕ್ಟ್ರಿಕ್ ಕಾರು ತಂದ ದಿನ ಬೇಸ್‌ಮೆಂಟಿನಲ್ಲಿ ಅದಕ್ಕೆಂದು ಒಂದು ಪ್ಲಗ್ ಪಾಯಿಂಟೂ ಇರಲಿಲ್ಲ. ಕಾರಿನ ಜೊತೆ ಬಂದ ಚಾರ್ಜರ್ ಐದು ತಿಂಗಳು ಡಿಕ್ಕಿಯಲ್ಲೇ ಮಲಗಿತ್ತು. ಮೇಷ್ಟ್ರು ಎಲೆಕ್ಟ್ರಾನಿಕ್ ಸಿಟಿ ಕಡೆಯ ಕಾಲೇಜೊಂದರಲ್ಲಿ ಗಣಿತ ಹೇಳುವವರು. ಹಾಗಾಗಿ ಆ ಐದು ತಿಂಗಳೂ ಹೊರಗಿನ ಚಾರ್ಜಿಂಗ್‌ನ ಲೆಕ್ಕವನ್ನು ಹಳೇ ಡೈರಿಯೊಂದರಲ್ಲಿ ಬರೆದಿಟ್ಟಿದ್ದರು. ಸ್ವಂತ ಚಾರ್ಜಿಂಗ್ ಪಾಯಿಂಟ್ ಇಲ್ಲದವರು ಇಂಥ ಕಾರು ಕೊಳ್ಳಬಹುದೇ ಎಂದು ನನ್ನನ್ನು ಯಾರಾದರೂ ಕೇಳಿದರೆ ನಾನು ಆ ಡೈರಿಯನ್ನೇ ನೆನೆಯುತ್ತೇನೆ.

ಮೊದಲು ಅವರ ಓಡಾಟ ನೋಡೋಣ. ವಾರಕ್ಕೆ ಐದು ದಿನ ಕಾಲೇಜು, ಭಾನುವಾರ ನೆಂಟರ ಮನೆಯೋ ಮಾರ್ಕೆಟ್ಟೋ, ಎಲ್ಲ ಸೇರಿ ಸುಮಾರು 220 ಕಿಲೋಮೀಟರ್. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಎಸಿ ಹಾಕಿಕೊಂಡು ಅವರ ಕಾರು ಒಂದು ಯೂನಿಟ್ ಕರೆಂಟಿಗೆ ಆರೂವರೆ ಕಿಲೋಮೀಟರ್ ಕೊಡುತ್ತದೆ. ಅಂದರೆ ವಾರಕ್ಕೆ 34 ಯೂನಿಟ್ ಬೇಕು. ಬ್ಯಾಟರಿ ಹಿಡಿಯುವುದು 40 ಯೂನಿಟ್. ವಾರಕ್ಕೊಂದು ಸಲ ಚಾರ್ಜ್ ಮಾಡಿದರೆ ಸಾಕಲ್ಲ ಎಂದು ಶೋರೂಮಿನವರು ಹೇಳುವುದು ಈ ಲೆಕ್ಕದ ಮೇಲೆಯೇ.

ಆದರೆ 40 ಯೂನಿಟ್ಟೂ ಕೈಗೆ ಸಿಗುವುದಿಲ್ಲ. ಶೇಕಡಾ ಹತ್ತಕ್ಕಿಂತ ಕೆಳಗಿಳಿದರೆ ನಮ್ಮ ಎದೆ ಹೊಡೆದುಕೊಳ್ಳುತ್ತದೆ. ಎಂಬತ್ತಾದ ಮೇಲೆ ಚಾರ್ಜಿಂಗ್ ಆಮೆಯ ನಡಿಗೆಗೆ ಇಳಿಯುತ್ತದೆ, ಏಕೆಂದರೆ ಬ್ಯಾಟರಿ ತುಂಬುತ್ತಾ ಬಂದಂತೆ ಕೆಡದಿರಲೆಂದು ಕಾರೇ ಕರೆಂಟನ್ನು ತಗ್ಗಿಸುತ್ತದೆ. ಹತ್ತರಿಂದ ಎಂಬತ್ತಕ್ಕೆ ಒಂದು ಗಂಟೆ ಹಿಡಿದರೆ, ಉಳಿದ ಇಪ್ಪತ್ತಕ್ಕೆ ಇನ್ನೊಂದು ಗಂಟೆ ಕಾಯಬೇಕಾಗಬಹುದು. ಹಿಂದೆ ಇನ್ನೊಂದು ಕಾರು ನಿಂತಿರುವಾಗ ಹಾಗೆ ಕಾಯುವುದು ಮರ್ಯಾದೆಯೂ ಅಲ್ಲ. ಹೀಗೆ ಒಂದು ಸಲಕ್ಕೆ ದಕ್ಕುವುದು 28 ಯೂನಿಟ್, ಸುಮಾರು 180 ಕಿಲೋಮೀಟರ್. ವಾರಕ್ಕೊಂದು ಸಲ ಎನ್ನುವ ಲೆಕ್ಕ ಅಲ್ಲೇ ಮುರಿಯುತ್ತದೆ. ತಿಂಗಳಿಗೆ ಐದಾರು ಸಲ ಹೋಗಲೇಬೇಕು.

ಡೈರಿಯ ಪ್ರಕಾರ ಐದು ತಿಂಗಳಲ್ಲಿ 26 ಸಲ ಚಾರ್ಜ್ ಆಗಿತ್ತು. ಅದಲ್ಲದೆ ಏಳು ಸಲ ಬರಿಗೈಯಲ್ಲಿ ವಾಪಸ್. ಮೂರು ಸಲ ಸರತಿ ಉದ್ದವಿತ್ತು, ಎರಡು ಸಲ ಯಂತ್ರವೇ ಸತ್ತಿತ್ತು, ಎರಡು ಸಲ ಮೊಬೈಲ್ ಆ್ಯಪ್ ದುಡ್ಡು ಹಿಡಿದುಕೊಂಡು ಕರೆಂಟು ಬಿಡಲಿಲ್ಲ. ಆ ದುಡ್ಡು ಆಮೇಲೆ ಆ್ಯಪ್‌ನ ವ್ಯಾಲೆಟ್ಟಿಗೇನೋ ವಾಪಸ್ ಬಂತು, ಆದರೆ ವ್ಯಾಲೆಟ್ಟಿನಿಂದ ಬ್ಯಾಂಕಿಗೆ ಬರಲಿಲ್ಲ. ಒಂದೊಂದು ಕಂಪನಿಗೆ ಒಂದೊಂದು ಆ್ಯಪ್, ಒಂದೊಂದರಲ್ಲೂ ಇನ್ನೂರು ಮುನ್ನೂರು ರೂಪಾಯಿ ಸಿಕ್ಕಿಕೊಂಡಿರುತ್ತದೆ.

ಇನ್ನೊಂದು ಸೂಕ್ಷ್ಮವನ್ನು ಅವರು ತಡವಾಗಿ ಕಂಡುಕೊಂಡರು. 60 ಕಿಲೋವ್ಯಾಟ್ ಎಂದು ಬರೆದ ಯಂತ್ರಕ್ಕೆ ಸಾಮಾನ್ಯವಾಗಿ ಎರಡು ಗನ್ ಇರುತ್ತವೆ. ಪಕ್ಕದ ಗನ್ನಿಗೆ ಇನ್ನೊಂದು ಕಾರು ಬಂದು ನಿಂತರೆ ಶಕ್ತಿ ಇಬ್ಬರಿಗೂ ಹಂಚಿಹೋಗಿ ತಲಾ 30 ಆಗುತ್ತದೆ. ಅದೂ ಅಲ್ಲದೆ, ಯಂತ್ರ ಎಷ್ಟೇ ದೊಡ್ಡದಿರಲಿ, ಕಾರು ತನ್ನ ಮಿತಿಗಿಂತ ಹೆಚ್ಚು ಎಳೆದುಕೊಳ್ಳುವುದಿಲ್ಲ. ಸಣ್ಣ ಕಾರುಗಳ ಮಿತಿ ಇನ್ನೂ ಕಡಿಮೆ. ಹೀಗೆ ಒಂದೊಂದು ಭೇಟಿಗೂ ಹೋಗಿಬರುವುದು ಸೇರಿ ಒಂದೂಕಾಲು, ಒಂದೂವರೆ ಗಂಟೆ. ಕೊನೆಕೊನೆಗೆ ಮೇಷ್ಟ್ರು ಉತ್ತರಪತ್ರಿಕೆಯ ಕಟ್ಟನ್ನು ಕಾರಿಗೇ ಒಯ್ಯತೊಡಗಿದರು.

ಈಗ ದುಡ್ಡಿನ ಮಾತು. ಹೊರಗಿನ ಫಾಸ್ಟ್ ಚಾರ್ಜರ್‌ಗಳಲ್ಲಿ ಜಿಎಸ್‌ಟಿ ಸೇರಿ ಅವರಿಗೆ ಯೂನಿಟ್ಟಿಗೆ ಸರಾಸರಿ 22 ರೂಪಾಯಿ ಬಿದ್ದಿತ್ತು. ತಿಂಗಳಿಗೆ ಸುಮಾರು 950 ಕಿಲೋಮೀಟರಿಗೆ 3,200 ರೂಪಾಯಿ. ಅದೇ ಓಡಾಟಕ್ಕೆ ಲೀಟರಿಗೆ 13 ಕಿಲೋಮೀಟರ್ ಕೊಡುತ್ತಿದ್ದ ಅವರ ಹಳೇ ಕಾರು 7,500 ರೂಪಾಯಿಯ ಪೆಟ್ರೋಲ್ ಕುಡಿಯುತ್ತಿತ್ತು. ಮನೆಯ ಕರೆಂಟಾದರೆ, ಚಾರ್ಜ್ ಮಾಡುವಾಗ ಪೋಲಾಗುವ ಶೇಕಡಾ ಹತ್ತನ್ನು ಸೇರಿಸಿಕೊಂಡು, ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೂ ಸಾವಿರ ದಾಟುವುದಿಲ್ಲ.

ಪೆಟ್ರೋಲ್ ಕಾರಿಗಿಂತ ಮೂರು ಲಕ್ಷ ಹೆಚ್ಚು ಕೊಟ್ಟು ಈ ಕಾರು ತಂದಿದ್ದರೆ, ಹೊರಗಿನ ಚಾರ್ಜಿಂಗ್ ಒಂದನ್ನೇ ನಂಬಿದವರಿಗೆ ಆ ಮೂರು ಲಕ್ಷ ಮರಳಲು ಆರು ವರ್ಷ ಬೇಕು. ಮನೆಯಲ್ಲೇ ಪ್ಲಗ್ ಇದ್ದರೆ ನಾಲ್ಕು ವರ್ಷದೊಳಗೆ ಬರುತ್ತದೆ. ತಿಂಗಳಿಗೆ 400 ಕಿಲೋಮೀಟರ್ ಓಡಿಸುವವರು, ಪ್ಲಗ್ ಇಲ್ಲದಿದ್ದರೆ, ಉಳಿತಾಯದ ಮಾತನ್ನೇ ಬಿಟ್ಟುಬಿಡುವುದು ಒಳ್ಳೆಯದು. ಅವರಿಗೆ ಆ ಕಾರು ಇಷ್ಟವಾಗಿದ್ದರೆ ಕೊಳ್ಳಲಿ, ಅದಕ್ಕೆ ಯಾರ ಅಡ್ಡಿಯೂ ಇಲ್ಲ.

ಬ್ಯಾಟರಿಯ ಕಡೆಯಿಂದಲೂ ಒಂದು ಮಾತಿದೆ. ಸದಾ ಫಾಸ್ಟ್ ಚಾರ್ಜಿಂಗ್ ಮಾಡಿದರೆ ಬ್ಯಾಟರಿ ನಾಳೆಯೇ ಸಾಯುವುದಿಲ್ಲ. ಆದರೆ ಅದರೊಳಗಿನ ನೂರಾರು ಸೆಲ್‌ಗಳು ಒಂದೇ ಮಟ್ಟಕ್ಕೆ ಬರಬೇಕಾದರೆ ಆಗಾಗ ನಿಧಾನವಾಗಿ ನೂರಕ್ಕೆ ನೂರು ತುಂಬಬೇಕು. ಹಾಗೆ ಮಾಡದಿದ್ದರೆ ಶೇಕಡಾವಾರು ತೋರಿಸುವ ಮೀಟರು ಸುಳ್ಳು ಹೇಳಲು ಶುರುಮಾಡುತ್ತದೆ. ಇಪ್ಪತ್ತು ತೋರಿಸುತ್ತಿದ್ದದ್ದು ಒಮ್ಮೆಲೇ ಹನ್ನೆರಡಕ್ಕೆ ಜಾರಿದರೆ ಇದೇ ಕಾರಣವಿರಬಹುದು. ಕೆಲವು ಕಾರುಗಳ ಕೈಪಿಡಿಯಲ್ಲೇ, ಇಂತಿಷ್ಟು ಫಾಸ್ಟ್ ಚಾರ್ಜ್ ಆದ ಮೇಲೆ ಒಂದು ನಿಧಾನದ ಚಾರ್ಜ್ ಮಾಡಿ ಎಂದಿರುತ್ತದೆ. ಪ್ಲಗ್ ಇಲ್ಲದ ಮೇಷ್ಟ್ರು ಅದಕ್ಕಾಗಿ ತಿಂಗಳಿಗೊಂದು ಶನಿವಾರ ಕಾರನ್ನು ತಮ್ಮನ ಮನೆಯ ಗೇಟಿನೊಳಗೆ ಬಿಟ್ಟು ಬರುತ್ತಿದ್ದರು.

ಹಾಗಾದರೆ ಬೇಸ್‌ಮೆಂಟಿಗೆ ಏನು ಬೇಕಿತ್ತು? ಗೋಡೆಗೆ ನೇತುಹಾಕುವ ದೊಡ್ಡ ಚಾರ್ಜರ್ ಬೇಕಿರಲಿಲ್ಲ. ಗೀಸರಿಗೆ ಹಾಕುವಂಥ 16 ಆಂಪಿಯರ್‌ನ ಮೂರು ಪಿನ್ ಸಾಕೆಟ್ ಒಂದು ಸಾಕಿತ್ತು. ಅದರಿಂದ ಗಂಟೆಗೆ ಸುಮಾರು ಮೂರು ಯೂನಿಟ್ ಬರುತ್ತದೆ. ಅವರ ದಿನದ ಓಡಾಟ 35 ಕಿಲೋಮೀಟರಿಗೆ ಎರಡು ಗಂಟೆ ಸಾಕು. ಕಾರು ಬೇಸ್‌ಮೆಂಟಿನಲ್ಲಿ ನಿಂತಿರುವುದು ಹನ್ನೆರಡು ಗಂಟೆ.

ಆ ಒಂದು ಸಾಕೆಟ್ಟಿಗೆ ಐದು ತಿಂಗಳು ಹಿಡಿಯಿತು. ಸಂಘದ ಸಭೆಯಲ್ಲಿ ಕಾರ್ಯದರ್ಶಿಗಳು ಕೇಳಿದ ಮೊದಲ ಪ್ರಶ್ನೆ, "ಬೇಸ್‌ಮೆಂಟಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರ್ ಸಾರ್ ಜವಾಬ್ದಾರಿ?" ಮೇಷ್ಟ್ರು "ಅದು ನನ್ನ ಪಾರ್ಕಿಂಗ್ ಅಲ್ವೇ ಸಾರ್" ಎಂದರು. ಆ ವಾದ ನಿಲ್ಲುವುದಿಲ್ಲ. ಕಟ್ಟಡದ ಕಂಬಗಳ ನಡುವಿನ ಪಾರ್ಕಿಂಗ್ ಎಲ್ಲರಿಗೂ ಸೇರಿದ ಜಾಗ, ಅದನ್ನು ಬಿಲ್ಡರ್ ಬಿಡಿಯಾಗಿ ಮಾರುವ ಹಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ನಮಗಿರುವುದು ನಿಲ್ಲಿಸುವ ಹಕ್ಕು. ಗೋಡೆಯ ಮೇಲೆ ವೈರ್ ಎಳೆಯಲು ಸಂಘದ ಒಪ್ಪಿಗೆ ಬೇಕು. ಆದರೆ ಮೇಷ್ಟ್ರ ಕೈಯಲ್ಲೂ ಒಂದು ಎಳೆಯಿತ್ತು. ವಿದ್ಯುತ್ ಗ್ರಾಹಕರ ಹಕ್ಕುಗಳ ಕೇಂದ್ರ ನಿಯಮಗಳಿಗೆ 2024ರಲ್ಲಿ ತಿದ್ದುಪಡಿಯಾಗಿ, ವಾಹನ ಚಾರ್ಜ್ ಮಾಡಲು ಪ್ರತ್ಯೇಕ ಸಂಪರ್ಕ ಕೇಳಿದರೆ ವಿದ್ಯುತ್ ಕಂಪನಿ ಕೊಡಬೇಕು ಎಂದಾಗಿದೆ.

ಪ್ರತ್ಯೇಕ ಮೀಟರ್ ಏಕೆ, ಮನೆಯ ಮೀಟರಿನಿಂದಲೇ ಎಳೆಯಬಾರದೇ? ಎಳೆಯಬಹುದು, ಮನೆಗೆ ಮಂಜೂರಾದ ಲೋಡ್ ಸಾಲುವುದಾದರೆ. ಆದರೆ ಗೃಹಜ್ಯೋತಿಯಲ್ಲಿ ಬಿಲ್ಲೇ ಬಾರದ ಮನೆಯವರು ಎರಡು ಸಲ ಯೋಚಿಸಬೇಕು. ತಿಂಗಳಿಗೆ 110 ಯೂನಿಟ್ ಉರಿಸುವ ಮನೆಗೆ ಕಾರಿನ 160 ಸೇರಿದರೆ 200ರ ಗೆರೆ ದಾಟುತ್ತದೆ, ಆಗ ಪೂರ್ತಿ ಬಿಲ್ಲನ್ನೂ ಕಟ್ಟಬೇಕು. ಕಾರಿನ ಕರೆಂಟು ಅಗ್ಗವೆಂದು ಹೋದವರು ಮನೆಯ ಕರೆಂಟಿನ ಬಿಲ್ಲನ್ನೂ ಹೊತ್ತು ಬರುತ್ತಾರೆ.

ಇನ್ನು ವೈರು. ನಮ್ಮ ಮೀಟರ್ ಕೋಣೆಯಿಂದ ಮೇಷ್ಟ್ರ ಪಾರ್ಕಿಂಗಿಗೆ 60 ಮೀಟರ್. ಎಲೆಕ್ಟ್ರಿಷಿಯನ್ ಮೊದಲು ಹೇಳಿದ್ದು ಎರಡೂವರೆ ಎಂಎಂ ವೈರು. ಅಷ್ಟು ದೂರಕ್ಕೆ ಆ ವೈರಿನಲ್ಲಿ 15 ಆಂಪಿಯರ್ ಹರಿದರೆ 13 ವೋಲ್ಟ್ ದಾರಿಯಲ್ಲೇ ಬಿದ್ದುಹೋಗುತ್ತದೆ, ಅಷ್ಟೂ ಶಾಖವಾಗಿ. ಆರು ಎಂಎಂ ತಾಮ್ರದ ವೈರಿನಲ್ಲಿ ಬೀಳುವುದು ಐದೂವರೆ ವೋಲ್ಟ್ ಅಷ್ಟೆ. ಗೀಸರು ಇಪ್ಪತ್ತು ನಿಮಿಷ ಉರಿದು ಆರುತ್ತದೆ, ಕಾರು ಐದಾರು ಗಂಟೆ ಒಂದೇ ಸಮನೆ ಎಳೆಯುತ್ತದೆ. ಬೆಂಕಿಯ ಭಯ ಇರಬೇಕಾದದ್ದು ಇಲ್ಲಿ: ಸಡಿಲ ಸಾಕೆಟ್, ತೆಳ್ಳನೆ ವೈರು, ಎಕ್ಸ್‌ಟೆನ್ಷನ್ ಬಾಕ್ಸು. ಅರ್ಧ ಗಂಟೆ ಚಾರ್ಜ್ ಆದ ಮೇಲೆ ಪ್ಲಗ್ಗಿನ ಹೊರಮೈ ಮುಟ್ಟಿನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಿದ್ದರೆ ನಿಲ್ಲಿಸಿ ಸಾಕೆಟ್ ಬದಲಿಸಬೇಕು. ಚಾರ್ಜರ್ ಕೆಂಪು ದೀಪ ತೋರಿಸಿ ಸುಮ್ಮನಾದರೆ ಬಹಳ ಸಲ ತಪ್ಪು ಕಾರಿನದಲ್ಲ, ಕಟ್ಟಡದ ಅರ್ಥಿಂಗ್‌ನದು. ಅರ್ಥ್ ಇಲ್ಲದೆಯೂ ನಡೆಯುವಂತೆ ಮಾಡಿಕೊಡುತ್ತೇನೆ ಎನ್ನುವ ಎಲೆಕ್ಟ್ರಿಷಿಯನ್ನನ್ನು ಕಾಫಿ ಕೊಟ್ಟು ಕಳಿಸಿಬಿಡಿ. ಸೋರುವ ಕರೆಂಟನ್ನು ಹಿಡಿದು ತಟ್ಟನೆ ಕಡಿಯುವ ಆರ್‌ಸಿಸಿಬಿ ಆ ಲೈನಿಗೇ ಬೇರೆಯಾಗಿ ಇರಲಿ.

ಸಂಘದ ಎರಡನೇ ಆತಂಕ ನ್ಯಾಯವಾದದ್ದು. ಇವತ್ತು ಒಂದು ಕಾರು, ನಾಳೆ ಇಪ್ಪತ್ತಾದರೆ? ನಮ್ಮ ಟ್ರಾನ್ಸ್‌ಫಾರ್ಮರ್ 250 ಕೆವಿಎ. ಇಪ್ಪತ್ತು ಜನ ಏಳು ಕಿಲೋವ್ಯಾಟ್‌ನ ಚಾರ್ಜರ್ ಹಾಕಿ ಸಂಜೆ ಏಳಕ್ಕೇ ಶುರುಮಾಡಿದರೆ 140 ಕಿಲೋವ್ಯಾಟ್ ಮೇಲೆ ಬೀಳುತ್ತದೆ, ಲಿಫ್ಟು, ನೀರಿನ ಪಂಪು, ಅಡುಗೆಮನೆಗಳ ಜೊತೆಗೆ. ಅದೇ ಇಪ್ಪತ್ತು ಕಾರು ಸಣ್ಣ ಸಾಕೆಟ್ಟಿನಿಂದ ರಾತ್ರಿ ಹನ್ನೊಂದರ ಮೇಲೆ ಎಳೆದರೆ 66 ದಾಟುವುದಿಲ್ಲ, ಆ ಹೊತ್ತಿಗೆ ಊರು ಮಲಗಿರುತ್ತದೆ. ಕೊನೆಗೆ ಸಂಘ ಅದನ್ನೇ ನಿಯಮ ಮಾಡಿತು: ಸಾಕೆಟ್ ಮಾತ್ರ, ಟೈಮರ್ ಹಾಕಿ, ರಾತ್ರಿ ಮಾತ್ರ. ಕರೆಂಟು ಹೋಗಿ ಜನರೇಟರ್ ಶುರುವಾದಾಗ ಈ ಲೈನು ತಾನಾಗಿ ಕಡಿದುಕೊಳ್ಳಬೇಕು ಎಂಬ ಷರತ್ತನ್ನೂ ಸೇರಿಸಿದರು. ಇಲ್ಲವಾದರೆ ಡೀಸೆಲ್ ಸುಟ್ಟು ಎಲೆಕ್ಟ್ರಿಕ್ ಕಾರು ಓಡಿಸಿದ ಹಾಗಾಗುತ್ತದೆ, ಅದೂ ಎಲ್ಲರ ಖರ್ಚಿನಲ್ಲಿ. ವೈರು, ಮೀಟರು, ಕೂಲಿ ಎಲ್ಲ ಸೇರಿ ಮೇಷ್ಟ್ರಿಗೆ ಬಿದ್ದದ್ದು 34,000 ರೂಪಾಯಿ. ಹೊರಗಿನ ಚಾರ್ಜಿಂಗಿಗೆ ಹೋಲಿಸಿದರೆ ಒಂದೂವರೆ ವರ್ಷದೊಳಗೆ ಹುಟ್ಟುವ ದುಡ್ಡು.

ಈ ದಾರಿಯೂ ಎಲ್ಲರಿಗಿಲ್ಲ. ಒಂದರ ಮೇಲೊಂದು ಕಾರು ಏರಿಸುವ ಯಾಂತ್ರಿಕ ಪಾರ್ಕಿಂಗ್ ಇದ್ದರೆ ವೈರ್ ಎಳೆಯುವ ಮಾತೇ ಇಲ್ಲ. ಬಾಡಿಗೆ ಮನೆಯವರು ಹನ್ನೊಂದು ತಿಂಗಳ ಕರಾರಿಗೆ 34,000 ಸುರಿಯುವುದೂ ಕಷ್ಟ. ಅಂಥವರಿಗೆ ಕಚೇರಿಯಲ್ಲಿ ಪ್ಲಗ್ ಇದ್ದರೆ ಅದು ಮನೆಯದ್ದಕ್ಕೆ ಸಮ, ಎಂಟು ಗಂಟೆ ಅಲ್ಲೇ ನಿಂತಿರುತ್ತದಲ್ಲ. ಅದೂ ಇಲ್ಲದವರು ಬುಕ್ ಮಾಡುವ ಮುನ್ನ ತಮ್ಮ ಹತ್ತಿರದ ಎರಡು ಚಾರ್ಜಿಂಗ್ ಜಾಗಗಳಿಗೆ ರಾತ್ರಿ ಎಂಟು ಗಂಟೆಗೆ, ಬೇರೆ ಬೇರೆ ವಾರಗಳಲ್ಲಿ, ನಾಲ್ಕೈದು ಸಲ ಹೋಗಿ ಅರ್ಧ ಗಂಟೆ ನಿಲ್ಲಲಿ. ಎಷ್ಟು ಗನ್ ಖಾಲಿ, ಎಷ್ಟು ಕೆಟ್ಟಿವೆ, ಅಲ್ಲಿ ಕೂತವರು ಏನು ಮಾಡುತ್ತಿದ್ದಾರೆ ಎಂದು ನೋಡಲಿ. ನಾನು ಹಾಗೆ ಹೋದ ಒಂದು ಸಂಜೆ ಒಬ್ಬರು ಕಾರಿನೊಳಗೆ ಬುತ್ತಿ ಬಿಚ್ಚಿಕೊಂಡು ಚಿತ್ರಾನ್ನ ತಿನ್ನುತ್ತಿದ್ದರು. ಕೇಳಿದ್ದಕ್ಕೆ, "ಗುರುವಾರ ರಾತ್ರಿ ಊಟ ನಂದು ಇಲ್ಲೇ ಸಾರ್" ಎಂದರು. ಅವರ ದನಿಯಲ್ಲಿ ಬೇಸರವೇನೂ ಇರಲಿಲ್ಲ.