ಕ್ಷೇತ್ರ ಸಂಯೋಜಕರು ಬೇಕಾಗಿದ್ದಾರೆ

ಜಯನಗರ, ಜೆ.ಪಿ. ನಗರದ ಮನೆಗಳಲ್ಲಿ ಪಾತ್ರೆ ತೊಳೆದು, ನೆಲ ಒರೆಸಿ, ಅಡುಗೆ ಮಾಡುವ ಹೆಂಗಸರಲ್ಲಿ ಬಹಳ ಮಂದಿ ಬೆಳಗ್ಗೆ ಬೇಗ ಮನೆ ಬಿಟ್ಟರೆ ಹಿಂತಿರುಗುವುದು ಮಧ್ಯಾಹ್ನ ಎರಡು ಗಂಟೆಯ ಮೇಲೆಯೇ. ಮನೆಗೆಲಸದವರಿಗೆ ಕನಿಷ್ಠ ವೇತನವನ್ನು ಕರ್ನಾಟಕ 2004ರಲ್ಲೇ ನಿಗದಿ ಮಾಡಿತು. ಆ ದರ ಎಷ್ಟೆಂದು ಅವರಿಗೆ ತಿಳಿಸಬೇಕು, ಇ-ಶ್ರಮ್ ನೋಂದಣಿ ಮಾಡಿಸಬೇಕು, ಸಂಬಳ ಬಾಕಿ ಉಳಿಸಿಕೊಂಡ ಮನೆಯವರ ಹತ್ತಿರ ಹೋಗಿ ಮಾತಾಡಬೇಕು. ಸ್ವಯಂಸೇವಾ ಸಂಸ್ಥೆಗಳಲ್ಲಿ ಇಷ್ಟನ್ನೂ ಮಾಡುವವರು ಕ್ಷೇತ್ರ ಸಂಯೋಜಕರು. ಅವರನ್ನು ಹುಡುಕಲು ಸಂಸ್ಥೆಗಳು ಹೊರಡಿಸುವ ಏಳೆಂಟು ಸಾಲಿನ ಕರೆಯ ಪರಿಚಯ ಇದು. ಬರೆಯುವಾಗ ಅದರಲ್ಲಿ ಮೂರು ಕಡೆ ಎಡವುವುದುಂಟು.

ಮೊದಲನೆಯದು ಜಾಗ. ‘ಕಾರ್ಯಕ್ಷೇತ್ರ: ಬೆಂಗಳೂರು ದಕ್ಷಿಣ’ ಎಂದು ಬರೆದರೆ ಇವತ್ತು ಅದಕ್ಕೆ ಕಡಿಮೆಯೆಂದರೂ ನಾಲ್ಕು ಅರ್ಥ. ಆ ಹೆಸರಿನ ಲೋಕಸಭಾ ಕ್ಷೇತ್ರ ಇದೆ, ತಾಲ್ಲೂಕು ಇದೆ. 2025ರಲ್ಲಿ ರಾಮನಗರ ಜಿಲ್ಲೆಗೂ ಅದೇ ಹೆಸರು ಬಂತು, ಅದೇ ವರ್ಷ ಸೆಪ್ಟೆಂಬರಿನಲ್ಲಿ ಆ ಹೆಸರಿನ ನಗರ ಪಾಲಿಕೆಯೂ ಹುಟ್ಟಿತು. ಬನಶಂಕರಿಯಲ್ಲಿ ಕೆಲಸವೆಂದುಕೊಂಡು ಅರ್ಜಿ ಹಾಕಿದವರು ಚನ್ನಪಟ್ಟಣಕ್ಕೂ ಹೋಗಬೇಕೇನೋ ಎಂದು ಅನುಮಾನಪಟ್ಟರೆ ತಪ್ಪಿಲ್ಲ. ವಾರ್ಡ್ ಸಂಖ್ಯೆ ಕೊಟ್ಟರೂ ಕಷ್ಟವೇ. 198 ಇದ್ದ ವಾರ್ಡುಗಳು 2022ರಲ್ಲಿ 243 ಆದವು, 2023ರಲ್ಲಿ 225ಕ್ಕೆ ಇಳಿದವು, ಐದು ಪಾಲಿಕೆಗಳಾದ ಮೇಲೆ ಮತ್ತೆ ಹೊಸದಾಗಿ ಗೆರೆ ಎಳೆದರು. ಬಡಾವಣೆಯ ಹೆಸರನ್ನೇ ಬರೆಯುವುದು ಒಳ್ಳೆಯದು: ತಿಲಕ್ ನಗರ, ಗುರಪ್ಪನಪಾಳ್ಯ, ಸಾರಕ್ಕಿ, ಯಾರಬ್ ನಗರ. ಕೆಲಸದವರು ವಾಸ ಇರುವ ಜಾಗ ಒಂದು, ದುಡಿಯುವ ಜಾಗ ಇನ್ನೊಂದು. ಸಂಯೋಜಕರು ಓಡಾಡಬೇಕಾದದ್ದು ಮುಖ್ಯವಾಗಿ ವಾಸದ ಜಾಗದಲ್ಲಿ.

ಎರಡನೆಯದು ಭಾಷೆ. ‘ಕನ್ನಡ, ಇಂಗ್ಲಿಷ್ ಕಡ್ಡಾಯ, ಇತರ ಭಾಷೆ ತಿಳಿದಿದ್ದರೆ ಉತ್ತಮ’ ಎಂಬ ಸಾಲು ಎಲ್ಲ ಕಡೆ ಕಾಣುತ್ತದೆ, ಆದರೆ ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಕಾರ್ಮಿಕ ಇಲಾಖೆಗೆ ಕೊಡುವ ಅರ್ಜಿ ಬರೆಯಲು, ಉತ್ತರವಾಗಿ ಬಂದ ಪತ್ರ ಓದಲು ಒಳ್ಳೆಯ ಕನ್ನಡ ಬೇಕು. ಆದರೆ ಗುರಪ್ಪನಪಾಳ್ಯದ ಓಣಿಯಲ್ಲಿ ಕೂತು ಮಾತಾಡಿಸಲು ದಖನಿ ಉರ್ದು ಬೇಕು, ಹಳೆಯ ಕೊಳಗೇರಿಗಳಲ್ಲಿ ತಮಿಳು ಬೇಕು. ಅಲ್ಲಿ ಓದುಬರಹ ಬೇಡ, ಬಾಯಿಮಾತು ಸಾಕು. ಈ ವ್ಯತ್ಯಾಸ ಬರೆಯದೆ ಹೋದರೆ, ತಮಿಳನ್ನು ಮನೆಮಾತಾಗಿ ಆಡುವ ಆದರೆ ಆ ಲಿಪಿ ಬಾರದ ಒಳ್ಳೆಯ ಅಭ್ಯರ್ಥಿ ತನಗಲ್ಲವೆಂದು ಸುಮ್ಮನಾಗುತ್ತಾಳೆ. ಇಂಗ್ಲಿಷ್ ತಿಂಗಳ ವರದಿಗೆ ಮಾತ್ರ ಬೇಕಾಗಿದ್ದರೆ ಅದನ್ನು ಕಡ್ಡಾಯ ಮಾಡುವ ಅಗತ್ಯವೇ ಇಲ್ಲ. ವರದಿಯನ್ನು ಕನ್ನಡದಲ್ಲಿ ಪಡೆದು ಕಚೇರಿಯವರೇ ಅನುವಾದಿಸಿಕೊಳ್ಳಬಹುದು.

ಮೂರನೆಯದು ಓಡಾಟ. ‘ವ್ಯಾಪಕ ಪ್ರಯಾಣಕ್ಕೆ ಸಿದ್ಧರಿರಬೇಕು’ ಎಂದರೆ ಎಷ್ಟು, ಯಾವಾಗ, ಯಾರ ಖರ್ಚಿನಲ್ಲಿ? ಇಲ್ಲಿ ದೂರ ಹೆಚ್ಚಿಲ್ಲ, ಕಷ್ಟವಿರುವುದು ಹೊತ್ತಿನಲ್ಲಿ. ಹೆಂಗಸರು ಸಿಗುವುದು ಮಧ್ಯಾಹ್ನ ಎರಡರಿಂದ ನಾಲ್ಕು, ಸಂಜೆ ಏಳರ ಮೇಲೆ, ಭಾನುವಾರ. ಇದನ್ನು ಮುಚ್ಚಿಟ್ಟು ‘ಹತ್ತರಿಂದ ಆರು’ ಎಂದು ಬರೆದರೆ ಕೆಲಸಕ್ಕೆ ಸೇರಿದವರು ಬಹಳ ದಿನ ನಿಲ್ಲುವುದಿಲ್ಲ. ಖರ್ಚಿನ ಲೆಕ್ಕ ಕಷ್ಟದ್ದಲ್ಲ. ದಿನಕ್ಕೆ 25 ಕಿ.ಮೀ.ನಂತೆ 22 ದಿನ ಸ್ಕೂಟರ್ ಓಡಿಸಿದರೆ 550 ಕಿ.ಮೀ.; ಲೀಟರಿಗೆ 45 ಕಿ.ಮೀ. ಸಿಕ್ಕರೆ ಸುಮಾರು 12 ಲೀಟರ್ ಪೆಟ್ರೋಲ್, ಅಂದರೆ ಸಾವಿರದ ಇನ್ನೂರು ರೂಪಾಯಿಯ ಮೇಲೆ. ಸರ್ವಿಸ್ ಖರ್ಚು ಬೇರೆ. ಬನಶಂಕರಿಯಿಂದ ಹಸಿರು ಮಾರ್ಗದಲ್ಲಿ ಆರ್.ವಿ. ರಸ್ತೆಗೆ ಬಂದು, 2025ರ ಆಗಸ್ಟಿನಲ್ಲಿ ಶುರುವಾದ ಹಳದಿ ಮಾರ್ಗ ಹಿಡಿದರೆ ಬಿಟಿಎಂ ಲೇಔಟ್ ತಲುಪಬಹುದು. ಶಕ್ತಿ ಯೋಜನೆಯಿಂದ ಹೆಂಗಸರಿಗೆ ಸಾಮಾನ್ಯ ಬಸ್ಸು ಉಚಿತ. ಹಾಗಿರುವಾಗ ದ್ವಿಚಕ್ರ ವಾಹನ ಕಡ್ಡಾಯ ಎಂಬ ಷರತ್ತು ಇಲ್ಲಿ ಅನ್ಯಾಯ. ರಾತ್ರಿ ಸಭೆ ಮುಗಿದ ಮೇಲೆ ಆಟೊ ಖರ್ಚು ಕೊಟ್ಟರೆ ಸಾಕು.

ಇಷ್ಟನ್ನೂ ಒಟ್ಟುಗೂಡಿಸಿದರೆ ಕರೆ ಹೀಗಿರಬಹುದು:

“ಮನೆಗೆಲಸದವರ ನಡುವೆ ಕೆಲಸ ಮಾಡಲು ಕ್ಷೇತ್ರ ಸಂಯೋಜಕರು ಬೇಕು. ಜಾಗ: ತಿಲಕ್ ನಗರ, ಗುರಪ್ಪನಪಾಳ್ಯ, ಸಾರಕ್ಕಿ, ಯಾರಬ್ ನಗರ. ಕನ್ನಡ ಓದಲು, ಬರೆಯಲು ಬರಬೇಕು. ತಮಿಳು ಅಥವಾ ಉರ್ದು ಮಾತಾಡಲು ಬಂದರೆ ಸಾಕು. ಕೆಲಸ ಮಧ್ಯಾಹ್ನ 12ರಿಂದ ರಾತ್ರಿ 8, ಭಾನುವಾರವೂ ಇದೆ. ವಾರದ ರಜೆ ಸೋಮವಾರ. ದಿನಕ್ಕೆ ಎರಡು ಬಡಾವಣೆಗಳಿಗೆ ಭೇಟಿ, ಊರ ಹೊರಗೆ ಪ್ರಯಾಣ ಇಲ್ಲ. ಸ್ವಂತ ವಾಹನ ಬೇಕಿಲ್ಲ. ಬಸ್ಸು, ಮೆಟ್ರೊ, ರಾತ್ರಿಯ ಆಟೊ ಖರ್ಚು ಸಂಸ್ಥೆಯದು. ಮನೆಗೆಲಸ ಮಾಡಿದ ಅನುಭವ ಇರುವವರಿಗೆ ಮೊದಲ ಆದ್ಯತೆ.”

ಇದರಲ್ಲಿ ಪದವಿ ಕೇಳಿಲ್ಲ, ಅದು ಬೇಕೆಂದೇ ಬಿಟ್ಟದ್ದು. ಸಂಬಳದ ಸಾಲನ್ನು ಮಾತ್ರ ಸಂಸ್ಥೆಗಳೇ ತುಂಬಬೇಕು. ದಯವಿಟ್ಟು ‘ಅರ್ಹತೆಗೆ ತಕ್ಕಂತೆ’ ಎಂದು ಬರೆಯಬೇಡಿ, ಮೊತ್ತವನ್ನೇ ಬರೆಯಿರಿ. ಕನಿಷ್ಠ ವೇತನದ ಬಗ್ಗೆ ಮಾತಾಡಲು ಹೋಗುವವರ ವೇತನ ಮೊದಲೇ ಗೊತ್ತಿರಬೇಕು.